ಚುರುಕಾಗುವ ಚಕ್ರದ ಅಂಚಿನ ಬಿಂದು: ಒಂದು ಜವ, ಎರಡು ವೇಗೋತ್ಕರ್ಷ

ಪ್ರಶ್ನೆಯ ಸ್ವರೂಪ

ನಿಶ್ಚಲವಾಗಿದ್ದ ಚಕ್ರವೊಂದು ತಿರುಗತೊಡಗಿ ಕ್ರಮಕ್ರಮವಾಗಿ ಚುರುಕಾಗುತ್ತಿದೆಯೆಂದು ಭಾವಿಸೋಣ. ಅದರ ಅಂಚಿನ ಮೇಲೆ ಸುಣ್ಣದಿಂದ ಒಂದು ಚುಕ್ಕೆಯನ್ನು ಇಟ್ಟಿದೆ. ಆ ಚುಕ್ಕೆಯ ವೇಗೋತ್ಕರ್ಷವು ಯಾವ ದಿಕ್ಕಿಗೆ ಇರುತ್ತದೆ?

ಈ ಪ್ರಶ್ನೆಗೆ ವಿದ್ಯಾರ್ಥಿಗಳಿಂದ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಚಕ್ರವು ಚುರುಕಾಗುತ್ತಿರುವುದರಿಂದ ವೇಗೋತ್ಕರ್ಷವು ಚುಕ್ಕೆ ಸಾಗುತ್ತಿರುವ ದಿಕ್ಕಿಗೇ ಇರಬೇಕೆಂದು ಕೆಲವರು ಹೇಳುತ್ತಾರೆ. ವೃತ್ತದಲ್ಲಿ ಚಲಿಸುವ ವಸ್ತುವಿನ ವೇಗೋತ್ಕರ್ಷ ಯಾವಾಗಲೂ ಕೇಂದ್ರದ ಕಡೆಗೇ ಇರುತ್ತದೆಯೆಂದು ಪಾಠದಲ್ಲಿ ಓದಿದವರು ಹಾಗೆಯೇ ಉತ್ತರಿಸುತ್ತಾರೆ. ಎರಡೂ ಅರ್ಧ ಸತ್ಯಗಳು. ಚುಕ್ಕೆಯ ನಿಜವಾದ ವೇಗೋತ್ಕರ್ಷವು ಈ ಎರಡು ದಿಕ್ಕುಗಳ ನಡುವೆ ಓರೆಯಾಗಿ ನಿಂತಿರುತ್ತದೆ. ಎಷ್ಟು ಓರೆ ಎಂಬುದಕ್ಕೆ ದೊರೆಯುವ ಉತ್ತರವು ಅನಿರೀಕ್ಷಿತವಾದುದು. ನಿಶ್ಚಲಸ್ಥಿತಿಯಿಂದ ಹೊರಟು ಒಂದೇ ಸಮನೆ ಚುರುಕಾಗುವ ಚಕ್ರದಲ್ಲಿ ಆ ಓರೆಯು ಚಕ್ರದ ಗಾತ್ರವನ್ನು ಅವಲಂಬಿಸಿಲ್ಲ. ಅದನ್ನು ಎಷ್ಟು ಬಲವಾಗಿ ತಿರುಗಿಸಲಾಯಿತು ಎಂಬುದನ್ನೂ ಅವಲಂಬಿಸಿಲ್ಲ. ಚಕ್ರವು ಹೊರಟಲ್ಲಿಂದ ಎಷ್ಟು ಕೋನ ತಿರುಗಿದೆ ಎಂಬುದೊಂದೇ ಅದನ್ನು ನಿರ್ಣಯಿಸುತ್ತದೆ. ಈ ಮಾತನ್ನು ಹಂತ ಹಂತವಾಗಿ ಸ್ಥಾಪಿಸುವುದೇ ಈ ಪಾಠದ ಉದ್ದೇಶ.

ಶಬ್ದಾರ್ಥ ವಿಚಾರ

ಮೊದಲಿಗೆ ಶಬ್ದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಏಕೆಂದರೆ ಇಲ್ಲಿನ ತೊಡಕಿನ ಒಂದು ಭಾಗ ಶಬ್ದದಿಂದಲೇ ಹುಟ್ಟಿದುದಾಗಿದೆ. 'ವೇಗೋತ್ಕರ್ಷ' ಎಂಬುದು ವೇಗ ಮತ್ತು ಉತ್ಕರ್ಷ ಎಂಬ ಎರಡು ಪದಗಳ ಗುಣಸಂಧಿಯಿಂದಾದ ಸಮಾಸ. ಉತ್ಕರ್ಷವೆಂದರೆ ಏರಿಕೆ. ಆದಕಾರಣ ವೇಗವು ಏರಿದರೆ ಮಾತ್ರ ವೇಗೋತ್ಕರ್ಷವೆಂದು ಓದುಗನಿಗೆ ತೋರುವುದು ಸಹಜ. ಶಾಸ್ತ್ರದಲ್ಲಿ ಈ ಪದಕ್ಕಿರುವ ಅರ್ಥ ಅದಕ್ಕಿಂತ ವಿಶಾಲವಾದುದು. ವೇಗದಲ್ಲಿ ಆಗುವ ಯಾವುದೇ ಬದಲಾವಣೆಯ ದರವನ್ನು ವೇಗೋತ್ಕರ್ಷವೆನ್ನುತ್ತಾರೆ.

ಇನ್ನು ಶಾಸ್ತ್ರದಲ್ಲಿ 'ವೇಗ' ಬೇರೆ, 'ಜವ' ಬೇರೆ. ಜವವೆಂದರೆ ಸೆಕೆಂಡಿಗೆ ಎಷ್ಟು ಮೀಟರು ಎಂಬ ಬರಿಯ ಪರಿಮಾಣ. ವೇಗವೆಂದರೆ ದಿಕ್ಕಿನೊಡಗೂಡಿದ ಜವ. ವೇಗಕ್ಕೆ ಪರಿಮಾಣ, ದಿಕ್ಕು ಎಂಬ ಎರಡು ಅಂಗಗಳಿರುವುದರಿಂದ ಅದು ಎರಡು ಬಗೆಯಲ್ಲಿ ಬದಲಾಗಬಲ್ಲದು. ಪರಿಮಾಣ ಹೆಚ್ಚು ಕಡಿಮೆಯಾದರೆ ಒಂದು ಬಗೆ. ಪರಿಮಾಣ ಹಾಗೆಯೇ ಇದ್ದು ದಿಕ್ಕು ಮಾತ್ರ ತಿರುಗಿದರೆ ಇನ್ನೊಂದು ಬಗೆ. ಒಂದೇ ಜವದಿಂದ ತಿರುಗುವ ಚಕ್ರದ ಅಂಚಿನಲ್ಲಿ ಎರಡನೆಯ ಬಗೆ ಮಾತ್ರ ಇರುತ್ತದೆ. ನೇರ ಹಾದಿಯಲ್ಲಿ ಚುರುಕಾಗುವ ಬಂಡಿಯಲ್ಲಿ ಮೊದಲನೆಯ ಬಗೆ ಮಾತ್ರ ಇರುತ್ತದೆ. ಚುರುಕಾಗುತ್ತಿರುವ ಚಕ್ರದ ಅಂಚಿನಲ್ಲಿ ಎರಡೂ ಏಕಕಾಲದಲ್ಲಿ ನಡೆಯುತ್ತವೆ.

ಅಂಚಿನ ಬಿಂದುವು ಯಾವುದೇ ಕ್ಷಣದಲ್ಲಿ ವೃತ್ತವನ್ನು ಮುಟ್ಟಿ ಹೋಗುವ ಸ್ಪರ್ಶರೇಖೆಯ ದಿಕ್ಕಿಗೆ ಚಲಿಸುತ್ತಿರುತ್ತದೆ. ಆದುದರಿಂದ ಅದರ ಜವವನ್ನು ಸ್ಪರ್ಶೀಯ ಜವವೆಂದೂ, ಆ ಜವವು ಏರುವ ದರವನ್ನು ಸ್ಪರ್ಶೀಯ ವೇಗೋತ್ಕರ್ಷವೆಂದೂ ಕರೆಯುತ್ತಾರೆ. ದಿಕ್ಕು ತಿರುಗುವುದರಿಂದ ಉಂಟಾಗುವ ವೇಗೋತ್ಕರ್ಷವು ಕೇಂದ್ರದ ಕಡೆಗೆ ಮುಖಮಾಡಿರುವುದರಿಂದ ಅದು ಕೇಂದ್ರಾಭಿಮುಖ ವೇಗೋತ್ಕರ್ಷ. ಮುಂದಿನ ವಿವೇಚನೆಯಲ್ಲಿ ಜವಕ್ಕೆ v, ತ್ರಿಜ್ಯಕ್ಕೆ r, ಸ್ಪರ್ಶೀಯ ವೇಗೋತ್ಕರ್ಷಕ್ಕೆ aₜ, ಕೇಂದ್ರಾಭಿಮುಖ ವೇಗೋತ್ಕರ್ಷಕ್ಕೆ aᵣ, ತಿರುಗಿದ ಕೋನಕ್ಕೆ θ ಎಂಬ ಸಂಕೇತಗಳನ್ನು ಬಳಸಿದೆ. ಕೋನವನ್ನು ರೇಡಿಯನ್ನುಗಳಲ್ಲಿ ಎಣಿಸತಕ್ಕದ್ದು. ಅಂಚಿನ ಮೇಲೆ ತ್ರಿಜ್ಯದಷ್ಟೇ ಉದ್ದದ ಕಂಸವನ್ನು ಸಾಗಿದಾಗ ತಿರುಗಿದ ಕೋನ ಒಂದು ರೇಡಿಯನ್. ಅದು ಸುಮಾರು 57.3 ಅಂಶಗಳಿಗೆ ಸಮ.

ಬದಲಾವಣೆಯ ಎರಡು ಭಾಗಗಳು

ಈಗ ಒಂದು ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಈ ಕ್ಷಣದ ವೇಗವನ್ನು ಒಂದು ಬಾಣದಿಂದಲೂ, ಅತ್ಯಲ್ಪ ಕಾಲ ಕಳೆದ ಬಳಿಕದ ವೇಗವನ್ನು ಇನ್ನೊಂದು ಬಾಣದಿಂದಲೂ ಸೂಚಿಸಿ, ಎರಡೂ ಬಾಣಗಳ ಬುಡವನ್ನು ಒಂದೇ ಕಡೆ ಸೇರಿಸಿದೆಯೆಂದು ಭಾವಿಸೋಣ. ಎರಡನೆಯ ಬಾಣವು ಮೊದಲನೆಯದಕ್ಕಿಂತ ಸ್ವಲ್ಪ ಉದ್ದವಾಗಿದೆ. ಸ್ವಲ್ಪ ವಾಲಿಯೂ ಇದೆ. ಮೊದಲನೆಯ ಬಾಣದ ತುದಿಯಿಂದ ಎರಡನೆಯದರ ತುದಿಗೆ ಹೋಗಲು ಎರಡು ಹೆಜ್ಜೆಗಳನ್ನಿಡಬಹುದು. ಮೊದಲು ಬಾಣವನ್ನು ಉದ್ದ ಬದಲಿಸದೆ ವಾಲಿಸುವುದು, ಆಮೇಲೆ ಅದನ್ನು ಅದರ ದಿಕ್ಕಿನಲ್ಲೇ ಉದ್ದಗೊಳಿಸುವುದು.

ಉದ್ದಗೊಳಿಸುವ ಹೆಜ್ಜೆಯೇ ಜವದ ಏರಿಕೆ. ಅದನ್ನು ಕಾಲದಿಂದ ಭಾಗಿಸಿದರೆ aₜ ದೊರೆಯುತ್ತದೆ. ವಾಲಿಸುವ ಹೆಜ್ಜೆಯ ಉದ್ದವು ಬಾಣದ ಉದ್ದವನ್ನು ವಾಲಿದ ಕೋನದಿಂದ ಗುಣಿಸಿದಷ್ಟು. ಚಕ್ರವು ಎಷ್ಟು ಕೋನ ತಿರುಗಿತೋ ಬಾಣವೂ ಅಷ್ಟೇ ಕೋನ ವಾಲುತ್ತದೆ. ಸೆಕೆಂಡಿಗೆ ತಿರುಗುವ ಕೋನವು v/r ಆದುದರಿಂದ, ಸೆಕೆಂಡಿಗೆ ಆಗುವ ಈ ವಾಲಿಕೆಯ ಬದಲಾವಣೆಯು v × v/r. ಹೀಗೆ,

aᵣ = v²/r

ಎಂಬ ಪರಿಚಿತ ಸೂತ್ರ ಲಭಿಸುತ್ತದೆ. ವಾಲಿಕೆಯು ಬಾಣಕ್ಕೆ ಲಂಬವಾಗಿ, ಅಂದರೆ ಸ್ಪರ್ಶರೇಖೆಗೆ ಲಂಬವಾಗಿ, ಕೇಂದ್ರದ ಕಡೆಗೆ ನಡೆಯುತ್ತದೆ.

ಇಲ್ಲಿ ಒಂದು ಸಂದೇಹ ಏಳಬಹುದು. ಈ ಸೂತ್ರವನ್ನು ಸಮಜವದ ವೃತ್ತಚಲನೆಗೆಂದು ಪಾಠದಲ್ಲಿ ಸಾಧಿಸಿದ್ದು; ಜವವು ಕ್ಷಣಕ್ಷಣಕ್ಕೂ ಬದಲಾಗುತ್ತಿರುವಾಗ ಯಾವ v ಯನ್ನು ತೆಗೆದುಕೊಳ್ಳಬೇಕು? ಮೊದಲಿನ ಬಾಣದ ಉದ್ದವನ್ನೋ, ಅನಂತರದ ಬಾಣದ ಉದ್ದವನ್ನೋ? ಅಲ್ಪ ಕಾಲದಲ್ಲಿ ಈ ಎರಡು ಉದ್ದಗಳ ವ್ಯತ್ಯಾಸ ಅಲ್ಪ. ಆ ಅಲ್ಪವನ್ನು ವಾಲಿಕೆಯ ಅಲ್ಪ ಕೋನದಿಂದ ಗುಣಿಸಿದಾಗ ಬರುವುದು ಅಲ್ಪದಲ್ಲಿ ಅಲ್ಪ. ಕಾಲವನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ ಅದು ನೂರನೆಯ ಒಂದಕ್ಕೆ ಇಳಿಯುತ್ತದೆ. ಕಾಲಾವಧಿಯು ಶೂನ್ಯವನ್ನು ಸಮೀಪಿಸಿದಂತೆ ಆ ವ್ಯತ್ಯಾಸವು ಲೆಕ್ಕದಿಂದ ಮರೆಯಾಗುತ್ತದೆ. ಆದುದರಿಂದ ಜವವು ಬದಲಾಗುತ್ತಿದ್ದರೂ v²/r ಎಂಬುದು ಸರಿಯಾಗಿಯೇ ಇದೆ. ಅದರಲ್ಲಿರುವ v ಆಯಾ ಕ್ಷಣದ ಜವವಾಗಿರಬೇಕು ಎಂಬುದೊಂದೇ ನಿಯಮ.

ಎರಡು ಭಾಗಗಳೂ ಪರಸ್ಪರ ಲಂಬವಾಗಿರುವುದರಿಂದ ಅವುಗಳನ್ನು ಹಾಗೆಯೇ ಕೂಡಿಸತಕ್ಕದ್ದಲ್ಲ. ಆಯತದ ಎರಡು ಬಾಹುಗಳಿಂದ ಕರ್ಣವನ್ನು ಪಡೆಯುವಂತೆ ಒಟ್ಟು ವೇಗೋತ್ಕರ್ಷವನ್ನು ಪಡೆಯಬೇಕು. ಬೋಧಾಯನ ಶುಲ್ಬಸೂತ್ರದಲ್ಲಿ ಹೇಳಿರುವ, ಪೈಥಾಗೊರಸನ ಹೆಸರಿನಿಂದ ಶಾಲೆಗಳಲ್ಲಿ ಕಲಿಸುವ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ:

a = √(aₜ² + aᵣ²)

ಮೂರನ್ನೂ ಕಟ್ಟುವ ಸೂತ್ರ

ಇಷ್ಟರಿಂದ aₜ, aᵣ ಗಳು ಬೇರೆ ಬೇರೆಯಾಗಿ ತಿಳಿದುವು. ಅವೆರಡನ್ನೂ ಜೋಡಿಸುವ ಕೊಂಡಿಯೆಂದರೆ v. ಸ್ಪರ್ಶೀಯ ವೇಗೋತ್ಕರ್ಷವು ಜವವನ್ನು ಬೆಳೆಸುತ್ತದೆ. ಬೆಳೆದ ಜವವು ಕೇಂದ್ರಾಭಿಮುಖ ವೇಗೋತ್ಕರ್ಷವನ್ನು ಬೆಳೆಸುತ್ತದೆ.

ಚಕ್ರವು ನಿಶ್ಚಲಸ್ಥಿತಿಯಿಂದ ಹೊರಟಿದೆ, aₜ ಬದಲಾಗದೆ ಇದೆ ಎಂದಿಟ್ಟುಕೊಳ್ಳೋಣ. ಅಂಚಿನ ಬಿಂದುವು ಕಂಸದ ಗುಂಟ s ದೂರ ಸಾಗಿದಾಗ, ನೇರ ಚಲನೆಯಲ್ಲಿ ಕಲಿತ ಸಮೀಕರಣದಂತೆಯೇ v² = 2aₜs. ಇದನ್ನು r ನಿಂದ ಭಾಗಿಸಿದರೆ ಎಡಗಡೆ v²/r, ಅಂದರೆ aᵣ. ಬಲಗಡೆ 2aₜ × s/r. ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದರೆ ದೊರೆಯುವುದು ತಿರುಗಿದ ಕೋನವೇ. ಆದಕಾರಣ,

aᵣ = 2θ aₜ

ಕೇಂದ್ರಾಭಿಮುಖ ವೇಗೋತ್ಕರ್ಷವು ಸ್ಪರ್ಶೀಯ ವೇಗೋತ್ಕರ್ಷದ 2θ ಪಟ್ಟು. ಈ ಸೂತ್ರದಲ್ಲಿ ತ್ರಿಜ್ಯವಿಲ್ಲ, ಕಾಲವಿಲ್ಲ. ಆರಂಭದಲ್ಲಿ ಹೇಳಿದ ಮಾತು ಇದರಿಂದ ಸಿದ್ಧವಾಯಿತು.

ಇದರ ಅರ್ಥವನ್ನು ಕೋನಗಳಲ್ಲಿ ನೋಡಬೇಕು. ಹೊರಡುವ ಕ್ಷಣದಲ್ಲಿ θ ಶೂನ್ಯ. ವೇಗೋತ್ಕರ್ಷವೆಲ್ಲವೂ ಸ್ಪರ್ಶರೇಖೆಯ ಗುಂಟವೇ ಇದೆ. ಅರ್ಧ ರೇಡಿಯನ್, ಅಂದರೆ ಸುಮಾರು 28.6 ಅಂಶ ತಿರುಗಿದಾಗ ಎರಡೂ ಸಮವಾಗುತ್ತವೆ. ಒಟ್ಟು ವೇಗೋತ್ಕರ್ಷವು ತ್ರಿಜ್ಯಕ್ಕೂ ಸ್ಪರ್ಶರೇಖೆಗೂ ಸರಿಯಾಗಿ ಮಧ್ಯೆ, 45 ಅಂಶದ ಓರೆಯಲ್ಲಿ ನಿಲ್ಲುತ್ತದೆ. ಆ ಹೊತ್ತಿಗೆ ಬಿಂದುವು ಸಾಗಿರುವ ಕಂಸ ತ್ರಿಜ್ಯದ ಅರ್ಧದಷ್ಟು ಮಾತ್ರ. ಕಾಲು ಸುತ್ತು ಮುಗಿದಾಗ ಕೇಂದ್ರಾಭಿಮುಖ ಭಾಗವು ಸ್ಪರ್ಶೀಯ ಭಾಗದ π ಪಟ್ಟು, ಅಂದರೆ ಸುಮಾರು 3.14 ಪಟ್ಟು. ಪೂರ್ಣ ಸುತ್ತು ಮುಗಿದಾಗ 4π ಪಟ್ಟು, ಅಂದರೆ ಸುಮಾರು 12.6 ಪಟ್ಟು, ಆಗ ಒಟ್ಟು ವೇಗೋತ್ಕರ್ಷವು ತ್ರಿಜ್ಯದಿಂದ ಸುಮಾರು 4.5 ಅಂಶ ಮಾತ್ರ ಓರೆಯಾಗಿರುತ್ತದೆ. ಐದು ಸುತ್ತುಗಳಾದ ಮೇಲೆ ಆ ಓರೆ ಒಂದು ಅಂಶಕ್ಕಿಂತ ಕಡಿಮೆ. ಗಡಿಯಾರದ ಪುಟ್ಟ ಚಕ್ರಕ್ಕೂ, ಕಾರ್ಖಾನೆಯ ಬೃಹತ್ ಚಕ್ರಕ್ಕೂ ಈ ಸಂಖ್ಯೆಗಳು ಒಂದೇ. ಒಂದೇ ಚಕ್ರದ ಅಂಚಿನ ಬಿಂದುವಿಗೂ ಒಳಗಿನ ಬಿಂದುವಿಗೂ ಒಂದೇ. ಕೇಂದ್ರಕ್ಕೆ ಹತ್ತಿರವಾದಂತೆ ಎರಡು ಭಾಗಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅವುಗಳ ಅನುಪಾತ ಕೆಡುವುದಿಲ್ಲ.

ತಿಗರಿಯ ಉದಾಹರಣೆ

ಕುಂಬಾರನ ತಿಗರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೋಲಿನಿಂದ ತಿರುಗಿಸುವ ತಿಗರಿಯಲ್ಲಿ ಕೋಲು ತಳ್ಳುತ್ತಿರುವಷ್ಟು ಹೊತ್ತು ಮಾತ್ರ ಜವ ಏರುತ್ತದೆ. ಮತ್ತೆ ನಿಧಾನವಾಗಿ ಇಳಿಯುತ್ತದೆ. ಲೆಕ್ಕದ ಸೌಕರ್ಯಕ್ಕಾಗಿ ಮೋಟಾರಿನಿಂದ ಒಂದೇ ಸಮನೆ ಚುರುಕಾಗುವ ತಿಗರಿಯನ್ನು ಕಲ್ಪಿಸಿಕೊಳ್ಳೋಣ. ಅದರ ಅಂಚಿನ ಬಿಂದುವು ಕೇಂದ್ರದಿಂದ 25 ಸೆಂ.ಮೀ. ದೂರದಲ್ಲಿದೆ, ಸ್ಪರ್ಶೀಯ ವೇಗೋತ್ಕರ್ಷ 0.5 ಮೀ./ಸೆ.². ಆಗ t ಸೆಕೆಂಡಿನ ಬಳಿಕ ಜವವು 0.5t, ಅದರ ವರ್ಗವನ್ನು 0.25 ರಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷವು ಸರಿಯಾಗಿ t² ಆಗುತ್ತದೆ. ಫಲಿತಾಂಶಗಳು ಹೀಗಿವೆ:

| ಕಾಲ (ಸೆ.) | v (ಮೀ./ಸೆ.) | aₜ (ಮೀ./ಸೆ.²) | aᵣ (ಮೀ./ಸೆ.²) | ಒಟ್ಟು a (ಮೀ./ಸೆ.²) |
|---|---|---|---|---|
| 0 | 0 | 0.5 | 0 | 0.50 |
| 1 | 0.5 | 0.5 | 1 | 1.12 |
| 2 | 1.0 | 0.5 | 4 | 4.03 |
| 3 | 1.5 | 0.5 | 9 | 9.01 |

ಮೂರು ಪರಿಮಾಣಗಳ ನಡತೆ ಮೂರು ತೆರನಾಗಿರುವುದನ್ನು ಗಮನಿಸಬೇಕು. ಸ್ಪರ್ಶೀಯ ವೇಗೋತ್ಕರ್ಷ ಕದಲದೆ ನಿಂತಿದೆ. ಜವವು ಕಾಲದೊಡನೆ ಸಮಸಮನಾಗಿ ಏರಿದೆ. ಕೇಂದ್ರಾಭಿಮುಖ ವೇಗೋತ್ಕರ್ಷವು ಕಾಲದ ವರ್ಗದಂತೆ ಏರಿದೆ. ಮೂರನೆಯ ಸೆಕೆಂಡಿನ ಕೊನೆಯಲ್ಲಿ ಒಟ್ಟು ವೇಗೋತ್ಕರ್ಷಕ್ಕೂ ಕೇಂದ್ರಾಭಿಮುಖ ಭಾಗಕ್ಕೂ ಇರುವ ವ್ಯತ್ಯಾಸವು ಕೇವಲ 0.01. ಎರಡನ್ನೂ ನೇರವಾಗಿ ಕೂಡಿಸಿದವನಿಗೆ 9.5 ಎಂಬ ತಪ್ಪು ಉತ್ತರ ಬರುತ್ತದೆ. ಮೊದಲನೆಯ ಸೆಕೆಂಡಿನಲ್ಲಾದರೆ 1.12 ರ ಬದಲು 1.5 ಬಂದು, ಸರಿಯುತ್ತರಕ್ಕೆ ಹೋಲಿಸಿದ ಅನುಪಾತದಲ್ಲಿ ತಪ್ಪು ಇನ್ನೂ ದೊಡ್ಡದಾಗುತ್ತದೆ.

ಸೂತ್ರವನ್ನೂ ಪರೀಕ್ಷಿಸಬಹುದು. ಮೊದಲ ಸೆಕೆಂಡಿನಲ್ಲಿ ಸಾಗಿದ ಕಂಸವು ½ × 0.5 × 1² = 0.25 ಮೀಟರು; ಅದು ತ್ರಿಜ್ಯದಷ್ಟೇ ಇರುವುದರಿಂದ θ = 1 ರೇಡಿಯನ್. 2θ = 2; aᵣ = 2 × 0.5 = 1. ಪಟ್ಟಿಯಲ್ಲಿರುವುದೂ ಅದೇ.

ನಾಣ್ಯವು ಯಾವ ಕಡೆಗೆ ಜಾರುತ್ತದೆ?

ವೇಗೋತ್ಕರ್ಷವು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಓರೆಯನ್ನು ಕಣ್ಣಿಗೆ ಕಾಣುವಂತೆ ಮಾಡುವ ಉಪಾಯವೊಂದಿದೆ. ಅದೇ ತಿಗರಿಯ ಅಂಚಿನ ಮೇಲೆ, ಕೇಂದ್ರದಿಂದ 25 ಸೆಂ.ಮೀ. ದೂರದಲ್ಲಿ ಒಂದು ನಾಣ್ಯವನ್ನಿಟ್ಟು, ಮೇಲ್ಮೈಗೆ ತೆಳುವಾಗಿ ಬೂದಿಯನ್ನು ಎರಚಿದರೆ ನಾಣ್ಯ ಜಾರಿದ ಗುರುತು ಅದರಲ್ಲಿ ಮೂಡುತ್ತದೆ.

ನಾಣ್ಯವು ತಿಗರಿಯೊಡನೆ ಸಾಗಬೇಕಾದರೆ ತಿಗರಿಯ ವೇಗೋತ್ಕರ್ಷವೇ ಅದಕ್ಕೂ ದೊರೆಯಬೇಕು. ಅದನ್ನು ಕೊಡುವುದು ಘರ್ಷಣೆಯೊಂದೇ. ಆ ಘರ್ಷಣೆಗೆ ಒಂದು ಎಲ್ಲೆಯಿದೆ. ಘರ್ಷಣಾಂಕವು 0.4 ಎಂದು ಇಟ್ಟುಕೊಂಡರೆ ಘರ್ಷಣೆಯು ಕೊಡಬಲ್ಲ ಗರಿಷ್ಠ ವೇಗೋತ್ಕರ್ಷ 0.4 × 9.8 = 3.92 ಮೀ./ಸೆ.². ಒಟ್ಟು ವೇಗೋತ್ಕರ್ಷವು ಇದನ್ನು ಮೀರಿದ ಕ್ಷಣದಲ್ಲಿ ನಾಣ್ಯ ಜಾರುತ್ತದೆ. ಜಾರಿಕೆಯ ಮೊದಲ ಎಳೆಯು, ತಿಗರಿಯ ಮೇಲಿನಿಂದ ನೋಡಿದಾಗ, ಆ ಒಟ್ಟು ವೇಗೋತ್ಕರ್ಷಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿರುತ್ತದೆ.

ಮೊದಲು ತಿಗರಿಯನ್ನು ಮೆಲ್ಲಗೆ, ಮೇಲೆ ಹೇಳಿದ 0.5 ಮೀ./ಸೆ.² ದರದಲ್ಲಿ ತಿರುಗಿಸೋಣ. 3.92 ರ ವರ್ಗದಿಂದ 0.5 ರ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ ಕೇಂದ್ರಾಭಿಮುಖ ಭಾಗಕ್ಕೆ ಸುಮಾರು 3.89 ಉಳಿಯುತ್ತದೆ. ಅದು ಸುಮಾರು 1.97 ಸೆಕೆಂಡಿಗೆ, ಜವವು 0.99 ಮೀ./ಸೆ. ಆದಾಗ ಒದಗುತ್ತದೆ. ಆ ವೇಳೆಗೆ ತಿಗರಿಯು ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿರುತ್ತದೆ. ಒಟ್ಟು ವೇಗೋತ್ಕರ್ಷವು ತ್ರಿಜ್ಯದಿಂದ ಸುಮಾರು 7 ಅಂಶ ಮಾತ್ರ ಓರೆಯಾಗಿರುವುದರಿಂದ ನಾಣ್ಯವು ಹೆಚ್ಚು ಕಡಿಮೆ ನೇರವಾಗಿ ಹೊರಕ್ಕೆ ಜಾರತೊಡಗುತ್ತದೆ.

ಅನಂತರ ಅದೇ ತಿಗರಿಯನ್ನು ರಭಸದಿಂದ, 3 ಮೀ./ಸೆ.² ದರದಲ್ಲಿ ಹೊರಡಿಸೋಣ. ಘರ್ಷಣೆಯ ಹೆಚ್ಚು ಪಾಲನ್ನು ಸ್ಪರ್ಶೀಯ ಭಾಗವೇ ಬಳಸಿಕೊಳ್ಳುವುದರಿಂದ ಕೇಂದ್ರಾಭಿಮುಖ ಭಾಗಕ್ಕೆ ಉಳಿಯುವುದು ಸುಮಾರು 2.52. ಜವವು ಸುಮಾರು 0.79 ಮೀ./ಸೆ. ಆದಾಗಲೇ, ತಿಗರಿಯು ಬರಿಯ 24 ಅಂಶ ತಿರುಗಿರುವಾಗಲೇ ನಾಣ್ಯ ಜಾರುತ್ತದೆ. ಈ ಸಲ ಸ್ಪರ್ಶೀಯ ಭಾಗವೇ ದೊಡ್ಡದು. ಆದುದರಿಂದ ನಾಣ್ಯವು ಹೊರಕ್ಕೆ ಸರಿಯುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಸರಿಯುತ್ತದೆ. ಇನ್ನು ಆರಂಭದ ದರವೇ 3.92 ನ್ನು ಮೀರಿದ್ದರೆ ತಿಗರಿ ಹೊರಟ ಕ್ಷಣದಲ್ಲೇ ನಾಣ್ಯ ಹಿಂದೆ ಉಳಿಯುತ್ತದೆ; ಕೇಂದ್ರಾಭಿಮುಖ ವೇಗೋತ್ಕರ್ಷವು ಇನ್ನೂ ಹುಟ್ಟಿಯೇ ಇರುವುದಿಲ್ಲ.

ಆದಕಾರಣ ಬೂದಿಯಲ್ಲಿ ಮೂಡಿದ ಗೆರೆಯ ಆರಂಭವನ್ನು ನೋಡಿಯೇ ತಿಗರಿಯು ಹೇಗೆ ಹೊರಟಿತೆಂದು ಹೇಳಬಹುದು. ಗೆರೆಯು ತ್ರಿಜ್ಯದ ಗುಂಟ ಹೊರಟಿದ್ದರೆ ಜವವೇ ನಾಣ್ಯವನ್ನು ಕದಲಿಸಿತು. ಗೆರೆಯು ಹಿಂದಕ್ಕೆ ವಾಲಿ ಹೊರಟಿದ್ದರೆ ಚುರುಕಾಗುವ ರಭಸವು ಕದಲಿಸಿತು. ಗೆರೆಯ ಮೊದಲ ಎಳೆಯನ್ನು ಮಾತ್ರ ನಂಬಬೇಕು. ನಾಣ್ಯವು ಹೊರಕ್ಕೆ ಸರಿದಂತೆ ಅದರ ಕೆಳಗಿನ ತಿಗರಿಯ ಜವ ಅದರ ಜವಕ್ಕಿಂತ ಹೆಚ್ಚಾಗುವುದರಿಂದ ಗೆರೆಯು ಮುಂದೆ ಹೇಗಿದ್ದರೂ ಹಿಂದಕ್ಕೆ ಬಾಗುತ್ತದೆ.

ಸೂತ್ರದ ಎಲ್ಲೆಗಳು

aᵣ = v²/r ಎಂಬುದಕ್ಕೂ aᵣ = 2θ aₜ ಎಂಬುದಕ್ಕೂ ಇರುವ ಅಧಿಕಾರ ಒಂದೇ ಅಲ್ಲ. ಮೊದಲನೆಯದು ವೃತ್ತದಲ್ಲಿ ಚಲಿಸುವ ಬಿಂದುವಿಗೆ ಪ್ರತಿಯೊಂದು ಕ್ಷಣದಲ್ಲಿಯೂ ಸಲ್ಲುತ್ತದೆ. ಎರಡನೆಯದು ನಿಶ್ಚಲಸ್ಥಿತಿಯಿಂದ ಹೊರಟು, ಬದಲಾಗದ ದರದಲ್ಲಿ ಚುರುಕಾಗುವ ಚಕ್ರಕ್ಕೆ ಮಾತ್ರ ಸಲ್ಲುತ್ತದೆ. ಚಕ್ರವು ಮೊದಲೇ ತಿರುಗುತ್ತಿದ್ದು ಆಮೇಲೆ ಚುರುಕಾಗತೊಡಗಿದರೆ, ಮೊದಲಿದ್ದ ಕೇಂದ್ರಾಭಿಮುಖ ವೇಗೋತ್ಕರ್ಷಕ್ಕೆ 2θ aₜ ಯನ್ನು ಕೂಡಿಸಬೇಕು. ಆಗ θ ಎಂಬುದು ಚುರುಕಾಗತೊಡಗಿದಲ್ಲಿಂದ ತಿರುಗಿದ ಕೋನ. ಇಲ್ಲಿ ನೇರವಾಗಿ ಕೂಡಿಸುವುದು ಸರಿ; ಎರಡೂ ಕೇಂದ್ರದ ದಿಕ್ಕಿನವೇ ಆಗಿವೆ.

ಚಕ್ರವು ನಿಧಾನವಾಗುತ್ತಿರುವಾಗ ಸ್ಪರ್ಶೀಯ ವೇಗೋತ್ಕರ್ಷವು ಹಿಂದಕ್ಕೆ ತಿರುಗುತ್ತದೆ. ಕೇಂದ್ರಾಭಿಮುಖ ವೇಗೋತ್ಕರ್ಷವು ಎಂದಿಗೂ ಹೊರಮುಖವಾಗುವುದಿಲ್ಲ. ಜವದ ವರ್ಗವು ಋಣವಾಗಲಾರದು ಎಂಬುದೇ ಇದಕ್ಕೆ ಕಾರಣ. ಒಂದೇ ಸಮನೆ ನಿಧಾನವಾಗಿ ನಿಲ್ಲುವ ಚಕ್ರಕ್ಕೂ 2θ ಸೂತ್ರವು ಅನ್ವಯಿಸುತ್ತದೆ. ಆಗ θ ವನ್ನು ನಿಲ್ಲುವುದಕ್ಕೆ ಇನ್ನೂ ಉಳಿದಿರುವ ಕೋನವೆಂದು ತಿಳಿಯತಕ್ಕದ್ದು. ಕೊನೆಯ ಅರ್ಧ ರೇಡಿಯನ್ನಿಗೆ ಬರುವವರೆಗೂ ಕೇಂದ್ರಾಭಿಮುಖ ಭಾಗವೇ ಮೇಲುಗೈಯಾಗಿರುತ್ತದೆ.

ಲೆಕ್ಕ ಮಾಡುವಾಗ ಹೆಚ್ಚಾಗಿ ನುಸುಳುವ ತಪ್ಪು ಕೋನದ ಮಾನದ್ದು. ಅಂಶಗಳಲ್ಲಿರುವ ಕೋನವನ್ನು ಹಾಗೆಯೇ θ ವಿನ ಜಾಗದಲ್ಲಿ ಇಟ್ಟರೆ ಉತ್ತರವು 57 ಪಟ್ಟಿಗಿಂತಲೂ ಹಿಗ್ಗುತ್ತದೆ. ಒಂದು ಸುತ್ತಿಗೆ ಸುಮಾರು 12.6 ಪಟ್ಟು ಎಂಬುದನ್ನು ನೆನಪಿನಲ್ಲಿಟ್ಟವನಿಗೆ ಈ ತಪ್ಪು ಒಡನೆಯೇ ಗೊತ್ತಾಗುತ್ತದೆ.

ಸಾಣೆಚಕ್ರ ಒಡೆಯುವುದು ಯಾವಾಗ?

ಈ ಅನುಪಾತದ ಮಹತ್ತ್ವವನ್ನು ಕಮ್ಮಾರಸಾಲೆಯ ಅಥವಾ ಕಾರ್ಖಾನೆಯ ಮೋಟಾರಿನ ಸಾಣೆಚಕ್ರದಲ್ಲಿ ನೋಡಬಹುದು. 15 ಸೆಂ.ಮೀ. ವ್ಯಾಸದ ಚಕ್ರವು ನಿಮಿಷಕ್ಕೆ 2800 ಸುತ್ತು ತಿರುಗಿದರೆ ಅದರ ಅಂಚಿನ ಜವವು ಸುಮಾರು 22 ಮೀ./ಸೆ.; ಕೇಂದ್ರಾಭಿಮುಖ ವೇಗೋತ್ಕರ್ಷ ಸುಮಾರು 6450 ಮೀ./ಸೆ.². ಅದು ಭೂಮಿಯ ಗುರುತ್ವದ ಆರುನೂರು ಪಟ್ಟನ್ನೂ ಮೀರುತ್ತದೆ. ಚಕ್ರವು ಈ ಜವವನ್ನು 2 ಸೆಕೆಂಡಿನಲ್ಲಿ ಒಂದೇ ಸಮನೆ ಪಡೆದಿದ್ದರೆ ಸ್ಪರ್ಶೀಯ ವೇಗೋತ್ಕರ್ಷವು 11 ಮೀ./ಸೆ.² ಮಾತ್ರ. ಆ 2 ಸೆಕೆಂಡುಗಳಲ್ಲಿ ಚಕ್ರವು ಸುಮಾರು 47 ಸುತ್ತು ತಿರುಗಿರುತ್ತದೆ, ಸುತ್ತಿಗೆ 12.6 ರಂತೆ ಎಣಿಸಿದರೂ ಅನುಪಾತವು 590 ರ ಆಸುಪಾಸಿಗೆ ಬರುತ್ತದೆ.

ಅಂಚಿನ ಪ್ರತಿಯೊಂದು ಕಣಕ್ಕೂ ಈ ಕೇಂದ್ರಾಭಿಮುಖ ವೇಗೋತ್ಕರ್ಷವನ್ನು ಕೊಡುವುದು ಆ ಕಣವನ್ನು ಹಿಡಿದಿರುವ ಬಂಧಕವಸ್ತುವೇ. ಚಕ್ರದಲ್ಲಿ ಸಣ್ಣ ಬಿರುಕೊಂದಿದ್ದರೆ, ಹೊರಡುವಾಗಿನ ಜಗ್ಗಾಟವನ್ನು ಅದು ಸುಲಭವಾಗಿ ತಡೆದುಕೊಳ್ಳಬಹುದು. ಜವವು ಪೂರ್ಣವಾದಾಗ ತಡೆದುಕೊಳ್ಳಲಾರದು. ಆದುದರಿಂದಲೇ 'ಸರಾಗವಾಗಿ ಹೊರಟಿತು, ಇನ್ನು ಭಯವಿಲ್ಲ' ಎಂಬ ಊಹೆ ಸಲ್ಲದು. ಹೊಸ ಚಕ್ರವನ್ನು ಜೋಡಿಸುವ ಮುನ್ನ ಅದನ್ನು ಬೆರಳಿನ ಮೇಲೆ ತೂಗಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ. ಸ್ವಚ್ಛವಾದ ನಾದ ಬಂದರೆ ಚಕ್ರ ಅಖಂಡ. ಮಂಕಾದ ಸದ್ದು ಬಂದರೆ ಬಿರುಕಿನ ಸೂಚನೆಯಾದುದರಿಂದ ಅದನ್ನು ಬಳಸತಕ್ಕದ್ದಲ್ಲ. ಜೋಡಿಸಿದ ಮೇಲೂ ರಕ್ಷಣೆಯ ಕವಚವನ್ನು ತೆಗೆಯದೆ, ಚಕ್ರದ ಎದುರಿನಲ್ಲಿ ನಿಲ್ಲದೆ ಪಕ್ಕಕ್ಕೆ ಸರಿದು ನಿಂತು, ಪೂರ್ಣ ಜವದಲ್ಲಿ ಒಂದು ನಿಮಿಷವಾದರೂ ಬರಿದೆ ತಿರುಗಲು ಬಿಡುತ್ತಾರೆ. ಒಡೆದ ಚೂರು ಆ ಕ್ಷಣದ ಸ್ಪರ್ಶರೇಖೆಯ ಗುಂಟ ಹಾರುವುದರಿಂದ ಚಕ್ರದ ಸಮತಲದಲ್ಲಿ ನಿಂತವನಿಗೇ ಹೆಚ್ಚಿನ ಅಪಾಯ.

ಚಕ್ರದ ಮೇಲೆ ಗರಿಷ್ಠ ಸುತ್ತಿನ ಸಂಖ್ಯೆಯನ್ನು ಮುದ್ರಿಸಿರುವುದೂ ಇದೇ ಕಾರಣಕ್ಕೆ. ನಿಮಿಷಕ್ಕೆ 2800 ಸುತ್ತಿಗೆಂದು ಮಾಡಿದ ಚಕ್ರವನ್ನು 5600 ಸುತ್ತು ತಿರುಗುವ ಯಂತ್ರಕ್ಕೆ ಜೋಡಿಸಿದರೆ ಜವವು ಎರಡರಷ್ಟಾಗುತ್ತದೆ. ಆದರೆ ಬಂಧಕವಸ್ತುವು ತಡೆಯಬೇಕಾದ ಎಳೆತವು ನಾಲ್ಕರಷ್ಟಾಗುತ್ತದೆ. ಮೆಲ್ಲಗೆ ಚಾಲನೆ ಮಾಡಿದೆವು ಎಂಬ ಜಾಗರೂಕತೆಯಿಂದ ಇದನ್ನು ಪರಿಹರಿಸಲಾಗದು. ಮೆಲ್ಲಗೆ ಹೊರಡಿಸುವುದರಿಂದ ಕುಗ್ಗುವುದು ಸ್ಪರ್ಶೀಯ ವೇಗೋತ್ಕರ್ಷವೊಂದೇ. ಕೇಂದ್ರಾಭಿಮುಖ ವೇಗೋತ್ಕರ್ಷವು ತಲುಪಿದ ಜವವನ್ನು ಮಾತ್ರ ನೋಡುತ್ತದೆ, ಅದನ್ನು ಹೇಗೆ ತಲುಪಿತೆಂಬುದನ್ನು ನೋಡುವುದಿಲ್ಲ.